ಇಂಟರ್‌ವ್ಯೂಗೆ ಮುಂಚೆ ಕಂಪನಿಯ ಜಾತಕ ನೋಡಿದ್ದು

ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಆಟೊ ಪಾರ್ಟ್ಸ್ ಕಾರ್ಖಾನೆಯಿಂದ ಕ್ವಾಲಿಟಿ ವಿಭಾಗದ ಕೆಲಸಕ್ಕೆ ಕರೆ ಬಂದಿತ್ತು. ಒಪ್ಪಿಕೊಂಡರೆ ಮಂಡ್ಯದಿಂದ ಮೈಸೂರಿಗೆ ದಿನಾ ರೈಲು. ಅದಕ್ಕೆ ಮುಂಚೆ ನಾಲ್ಕು ಪ್ರಶ್ನೆ ಬರೆದಿಟ್ಟುಕೊಂಡೆ: ಕಂಪನಿ ಯಾರದು, ಎಷ್ಟು ಜನ ಇದ್ದಾರೆ, ದುಡ್ಡಿನ ಸ್ಥಿತಿ ಹೇಗಿದೆ, ಈಚೆಗೆ ಏನಾಗಿದೆ. ಅವರ ವೆಬ್‌ಸೈಟನ್ನು ನಾನು ಹೆಚ್ಚು ನಂಬಲಿಲ್ಲ. ಅಲ್ಲಿ ಪ್ರತಿ ಕಂಪನಿಯೂ ಮುಂಚೂಣಿಯಲ್ಲೇ ಇರುತ್ತದೆ.

ಗೇಟಿನ ಬೋರ್ಡಿನಲ್ಲಿರುವ ಹೆಸರು ಒಂದು, ರಿಜಿಸ್ಟರ್ ಆದ ಹೆಸರು ಇನ್ನೊಂದು ಇರಬಹುದು. ಹಾಗಾಗಿ ಮೊದಲು ಬೇಕಾದದ್ದು ಸಿಐಎನ್, ಅಂದರೆ ಕಂಪನಿಯ 21 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ. ಕಾನೂನಿನ ಪ್ರಕಾರ ಲೆಟರ್‌ಹೆಡ್‌ನಲ್ಲಿ ಇರಲೇಬೇಕು. ನನ್ನ ಕಾಲ್ ಲೆಟರಿನ ಅಡಿಯಲ್ಲೂ ಇತ್ತು. ಯು ಅಕ್ಷರದಿಂದ ಶುರುವಾದರೆ ಷೇರುಪೇಟೆಯಲ್ಲಿ ಇಲ್ಲದ ಕಂಪನಿ. ನಡುವೆ ರಾಜ್ಯದ ಎರಡಕ್ಷರ, ಆಮೇಲೆ ನೋಂದಣಿಯಾದ ವರ್ಷ ಬರುತ್ತದೆ. ಆ ಸಂಖ್ಯೆಯನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ mca.gov.in ನಲ್ಲಿ ಹಾಕಿದರೆ ಕಂಪನಿ ಚಾಲ್ತಿಯಲ್ಲಿದೆಯೇ, ನಿರ್ದೇಶಕರು ಯಾರು ಅನ್ನುವುದು ಪುಕ್ಕಟೆ ಸಿಗುತ್ತದೆ. 100 ರೂಪಾಯಿ ಕಟ್ಟಿದರೆ ಅವರು ಸಲ್ಲಿಸಿದ ದಾಖಲೆಗಳೂ ತೆರೆಯುತ್ತವೆ. ನಾನು ಎರಡನ್ನೇ ಇಳಿಸಿಕೊಂಡೆ: ಎಂಜಿಟಿ-7 ಅನ್ನುವ ವಾರ್ಷಿಕ ರಿಟರ್ನ್, ಲೆಕ್ಕಪತ್ರ ಸಲ್ಲಿಸುವ ಎಒಸಿ-4 ಫಾರಂ ಜೊತೆಗಿರುವ ಬ್ಯಾಲೆನ್ಸ್ ಶೀಟು. ಮೊದಲನೆಯದರಲ್ಲಿ ಮಾಲೀಕರ ವಿಷಯ ಮುಗಿಯಿತು. ಮೈಸೂರಿನ ಕುಟುಂಬದ ಕಂಪನಿ ಅಂದುಕೊಂಡಿದ್ದೆ, ಆದರೆ ಅರ್ಧಕ್ಕಿಂತ ಹೆಚ್ಚು ಷೇರು ಚೆನ್ನೈನ ಕಂಪನಿಯೊಂದರ ಕೈಯಲ್ಲಿತ್ತು.

ಎರಡನೇ ಪ್ರಶ್ನೆಯೇ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು. ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ವೆಬ್‌ಸೈಟಿನಲ್ಲಿ Establishment Search ಅಂತ ಇದೆ. ಕಂಪನಿ ಹೆಸರು ಹಾಕಿ ಪಾವತಿ ವಿವರ ತೆರೆದರೆ ಯಾವ ತಿಂಗಳ ಸಂಬಳಕ್ಕೆ, ಯಾವ ದಿನ, ಎಷ್ಟು ಜನರ ಪಿಎಫ್ ಕಟ್ಟಿದ್ದಾರೆ ಅಂತ ಸಾಲಾಗಿ ಬರುತ್ತದೆ. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು ಅನ್ನುವುದು ನಿಯಮ. ಮೇಲಿಂದ ಮೇಲೆ ತಡವಾಗಿದ್ದರೆ ಸಂಬಳವೂ ತಡವಾಗುತ್ತಿರಬಹುದು ಅಂತಲೇ ನಾನು ಲೆಕ್ಕ ಹಾಕುತ್ತೇನೆ. ಇವರು ಒಂದು ತಿಂಗಳೂ ತಪ್ಪಿರಲಿಲ್ಲ. ಆದರೆ ವರ್ಷದ ಶುರುವಿನಲ್ಲಿ 180 ಇದ್ದ ಜನ ಕೊನೆಗೆ 120ಕ್ಕೆ ಇಳಿದಿದ್ದರು.

ಕಂಪನಿ ಮುಳುಗುತ್ತಿದೆಯಾ? ಅದೇ ವರ್ಷದ ಬ್ಯಾಲೆನ್ಸ್ ಶೀಟ್ ಜೊತೆಗಿನ ಲಾಭ-ನಷ್ಟದ ಲೆಕ್ಕ ತೆಗೆದು ನೋಡಿದರೆ ಮಾರಾಟ 38 ಕೋಟಿಯಿಂದ 41 ಕೋಟಿಗೆ ಏರಿತ್ತು, ಲಾಭವೂ ಇತ್ತು. ಕೊನೆಯ ಪುಟಗಳ ಟಿಪ್ಪಣಿಯಲ್ಲಿ, ಇತರ ಖರ್ಚುಗಳ ಕೆಳಗೆ, ಲೇಬರ್ ಚಾರ್ಜಸ್ ಅನ್ನುವ ಸಾಲು ಹೆಚ್ಚುಕಮ್ಮಿ ಎರಡರಷ್ಟಾಗಿತ್ತು. ಅಂದರೆ ಕೆಲಸ ಕಮ್ಮಿಯಾಗಿರಲಿಲ್ಲ, ಜನ ಕಾಂಟ್ರಾಕ್ಟರ್ ಕಡೆಗೆ ಹೋಗಿದ್ದರು. ಕಾಂಟ್ರಾಕ್ಟರ್ ಜನರ ಪಿಎಫ್ ಸಾಮಾನ್ಯವಾಗಿ ಅವನ ಕೋಡಿನಲ್ಲೇ ಹೋಗುವುದರಿಂದ ಕಂಪನಿ ಪಟ್ಟಿಯಲ್ಲಿ ಕಾಣುವುದಿಲ್ಲ.

ಸಂಬಳದ ಅಂದಾಜೂ ಇಲ್ಲೇ ಸಿಕ್ಕಿತು. ನೌಕರರ ಖರ್ಚು 5.25 ಕೋಟಿ, ಆ ವರ್ಷದ ಸರಾಸರಿ 150 ಜನ; ತಲೆಗೆ ವರ್ಷಕ್ಕೆ 3.5 ಲಕ್ಷ, ತಿಂಗಳಿಗೆ ಸುಮಾರು 29,000. ಇದರಲ್ಲಿ ಕಂಪನಿ ಕಟ್ಟುವ ಪಿಎಫ್, ಬೋನಸ್, ಮ್ಯಾನೇಜರ್‌ಗಳ ದೊಡ್ಡ ಸಂಬಳ ಎಲ್ಲ ಸೇರಿರುತ್ತದೆ. ಪಿಎಫ್ ಇಲ್ಲದವರೂ ಕೆಲವರು ಇರಬಹುದಾದ್ದರಿಂದ ನಿಜವಾದ ಸರಾಸರಿ ಇನ್ನೂ ಕೆಳಗೇ. ಎಷ್ಟು ಕೇಳಿದರೆ ಬಾಯಿ ಮುಚ್ಚಿಸುತ್ತಾರೆ ಅನ್ನುವುದು ತಿಳಿಯಲು ಇಷ್ಟು ಸಾಕು. ಆಡಿಟರ್ ವರದಿಯ ಅನುಬಂಧದಲ್ಲಿ ಪಿಎಫ್, ಇಎಸ್‌ಐ, ಜಿಎಸ್‌ಟಿ ಆರು ತಿಂಗಳಿಗೂ ಮೀರಿ ಬಾಕಿ ಇದೆಯೇ ಅಂತ ಬರೆದಿರುತ್ತಾರೆ, ಅದನ್ನು ಬಿಡಬೇಡಿ. ಕಾನೂನಿನ ಲೆಕ್ಕದಲ್ಲಿ ಸಣ್ಣದಾದ ಪ್ರೈವೇಟ್ ಕಂಪನಿಗಳಿಗೆ ಆ ಅನುಬಂಧ ಇರುವುದಿಲ್ಲ. ಬ್ಯಾಲೆನ್ಸ್ ಶೀಟಿಗೆ ಇನ್ನೊಂದು ಮಿತಿಯಿದೆ: ಮಾರ್ಚ್ ಲೆಕ್ಕ ಸಲ್ಲಿಕೆಯಾಗುವಷ್ಟರಲ್ಲಿ ಅಕ್ಟೋಬರ್ ಬಂದಿರುತ್ತದೆ. ಈಚಿನ ಸ್ಥಿತಿಗೆ ಪಿಎಫ್ ಪಟ್ಟಿಯೇ ಗತಿ.

ಸುದ್ದಿ ಹೆಚ್ಚೇನೂ ಸಿಗಲಿಲ್ಲ. ಇಷ್ಟು ಸಣ್ಣ ಕಂಪನಿ ಪೇಪರಿನಲ್ಲಿ ಬರುವುದು ಮುಷ್ಕರವಾದರೆ, ಬೆಂಕಿ ಬಿದ್ದರೆ. ಬದಲಿಗೆ ಕಂಪನಿ ಹೆಸರಿನ ಜೊತೆ ಕ್ರಿಸಿಲ್, ಇಕ್ರಾ, ಕೇರ್ ಅಂತ ರೇಟಿಂಗ್ ಸಂಸ್ಥೆಗಳ ಹೆಸರು ಸೇರಿಸಿ ಹುಡುಕಿದೆ. ಬ್ಯಾಂಕ್ ಸಾಲಕ್ಕೆ ರೇಟಿಂಗ್ ತೆಗೆದುಕೊಂಡಿದ್ದರೆ ಅದರ ಕಾರಣಗಳ ಟಿಪ್ಪಣಿ ಯಾರು ಬೇಕಾದರೂ ಓದಬಹುದು. Issuer Not Cooperating ಅಂತಿದ್ದರೆ ಕಂಪನಿ ಮಾಹಿತಿ ಕೊಡುವುದನ್ನೇ ನಿಲ್ಲಿಸಿದೆ ಅಂತ ಅರ್ಥ. ಇವರದು ಹಾಗಿರಲಿಲ್ಲ.

ಇಂಟರ್‌ವ್ಯೂ ಕೊನೆಗೆ ಎಚ್‌ಆರ್ ಮೇಡಂ "ನಿಮ್ಮದೇನಾದರೂ ಪ್ರಶ್ನೆ ಇದೆಯಾ?" ಅಂದರು.

"ಮೇಡಂ, ಈ ಪೋಸ್ಟ್ ಕಂಪನಿ ರೋಲಾ, ಕಾಂಟ್ರಾಕ್ಟರ್ ರೋಲಾ? ಪಿಎಫ್ ಯಾರ ಕೋಡಲ್ಲಿ ಹೋಗುತ್ತೆ?"

ಮೇಡಂ ಪಕ್ಕದಲ್ಲಿದ್ದ ಪ್ಲಾಂಟ್ ಮ್ಯಾನೇಜರ್ ಮುಖ ನೋಡಿ, "ಮೊದಲನೇ ವರ್ಷ ಕಾಂಟ್ರಾಕ್ಟರ್ ರೋಲ್, ಆಮೇಲೆ ನಮ್ಮದಕ್ಕೆ ತಗೋತೀವಿ" ಅಂದರು. ಕಾಂಟ್ರಾಕ್ಟರ್ ಹೆಸರು ಕೇಳಿ ಬರೆದುಕೊಂಡೆ. ರಾತ್ರಿ ಅವನದನ್ನೂ ಇಪಿಎಫ್‌ಒದಲ್ಲಿ ಹುಡುಕಿದೆ. 15ರೊಳಗೆ ಕಟ್ಟುವ ಆಸಾಮಿಯೇ. ಕಂಪನಿ ರೋಲಿಗೆ ಬರುವ ತಾರೀಖನ್ನು ಆಫರ್ ಲೆಟರಿನಲ್ಲಿ ಬರೆಸಿಕೊಂಡ ಮೇಲೆ ಸಹಿ ಹಾಕಿದೆ.