ಒಂದು ಕೂಡಿಸಿ ಅಪವರ್ತಿಸುವುದು: xy + x + y ಲೆಕ್ಕ ನಾನು ಬಿಡಿಸುವ ಬಗೆ

ಒಲಿಂಪಿಯಾಡ್ ಪರೀಕ್ಷೆಗೆ ಕೂರುವ ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ವಿಜಯಪುರದಲ್ಲಿ ಗಣಿತ ಹೇಳಿಕೊಡುತ್ತೇನೆ. xy + x + y = 53 ಆಗುವ ಪೂರ್ಣಾಂಕಗಳನ್ನೆಲ್ಲ ಹುಡುಕಿ ಎಂದರೆ ಹೆಚ್ಚಿನವರು x = 1 ಇಟ್ಟು ನೋಡುತ್ತಾರೆ, ಆಮೇಲೆ 2, ಆಮೇಲೆ 3. ಕೆಲವು ಉತ್ತರ ಸಿಗುತ್ತವೆ, ಆದರೆ ಎಲ್ಲಿ ನಿಲ್ಲಿಸಬೇಕೋ ತಿಳಿಯುವುದಿಲ್ಲ. ಮೈನಸ್ ಕಡೆಗೆ ಹೊರಟರಂತೂ ದಂಡೆಯೇ ಕಾಣದು.

ಅದಕ್ಕೆ ನಾನು ಮೊದಲು ಹಲಗೆಯ ಮೇಲೆ ಒಂದು ಹೊಲ ಬರೆಯುತ್ತೇನೆ. ಉದ್ದ x ಮೀಟರ್, ಅಗಲ y ಮೀಟರ್. ಅಕ್ಕಪಕ್ಕದ ಎರಡು ಅಂಚಿಗೆ ಹೊರಗಿನಿಂದ ಒಂದೊಂದು ಮೀಟರ್ ಅಗಲದ ಬದು. ಹೊಲ xy, ಬದುಗಳು x ಮತ್ತು y. ಎರಡು ಬದು ಕೂಡಬೇಕಾದ ಮೂಲೆಯಲ್ಲಿ ಮಾತ್ರ ಒಂದು ಚದರ ಮೀಟರ್ ಜಾಗ ಖಾಲಿ ಉಳಿದಿರುತ್ತದೆ. ಅದನ್ನು ತುಂಬಿದರೆ ಇಡೀ ಚಿತ್ರ (x + 1)(y + 1) ಅಳತೆಯ ಆಯತವಾಗುತ್ತದೆ. ಒಂದನ್ನೇ ಯಾಕೆ ಕೂಡಿಸಬೇಕು ಎಂದು ಆಮೇಲೆ ಯಾರೂ ಕೇಳುವುದಿಲ್ಲ.

ಎಡಕ್ಕೆ ಕೂಡಿಸಿದ ಒಂದನ್ನು ಬಲಕ್ಕೂ ಕೂಡಿಸಿದರೆ

(x + 1)(y + 1) = 54

ಇಲ್ಲಿಗೆ ಹುಡುಕಾಟಕ್ಕೆ ಬೇಲಿ ಬಿತ್ತು. ಎರಡು ಪೂರ್ಣಾಂಕಗಳ ಗುಣಲಬ್ಧ 54 ಆಗಬೇಕಾದರೆ ಎರಡೂ 54ರ ಅಪವರ್ತನಗಳೇ ಆಗಿರಬೇಕು. ಧನ ಸಂಖ್ಯೆಗಳ ಜೋಡಿಗಳು ನಾಲ್ಕೇ: 1 × 54, 2 × 27, 3 × 18, 6 × 9. ಪ್ರತಿಯೊಂದರಿಂದ ಒಂದು ಕಳೆದರೆ (0, 53), (1, 26), (2, 17), (5, 8). ಕೊನೆಯದನ್ನು ತಾಳೆ ನೋಡಿದರೆ 40 + 5 + 8 = 53, ಸರಿ.

ಕಳೆಯುವುದನ್ನೇ ಮರೆತು 6 ಮತ್ತು 9 ಎಂದು ಉತ್ತರ ಬರೆದುಬಿಡುವವರು ಬಹಳ. 54 + 15 = 69 ಬರುತ್ತದೆ, 53 ಅಲ್ಲ. ತಾಳೆ ನೋಡುವ ರೂಢಿಯಿದ್ದರೆ ಈ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಇನ್ನೊಂದು ತಪ್ಪು ತಾಳೆಗೂ ಸಿಗುವುದಿಲ್ಲ, ಯಾಕೆಂದರೆ ಅಲ್ಲಿ ಬರೆದಿದ್ದೆಲ್ಲ ಸರಿಯೇ ಇರುತ್ತದೆ, ಅರ್ಧ ಬಿಟ್ಟುಹೋಗಿರುತ್ತದೆ ಅಷ್ಟೇ. “ಸರ್, ಮೈನಸ್ ಯಾಕ ತಗೋಬೇಕ್ರಿ?” ಎಂಬ ಪ್ರಶ್ನೆ ಬಂದೇ ಬರುತ್ತದೆ. (−6) × (−9) ಕೂಡ 54 ತಾನೇ. ಒಂದು ಕಳೆದರೆ −7 ಮತ್ತು −10; 70 − 17 = 53. ಹೀಗೆ ಇನ್ನೂ ನಾಲ್ಕು ಜೋಡಿ: (−2, −55), (−3, −28), (−4, −19), (−7, −10). x, y ಅದಲುಬದಲಾದರೆ ಬೇರೆ ಉತ್ತರ ಎಂದು ಎಣಿಸಿದರೆ ಒಟ್ಟು 16. ಪ್ರಶ್ನೆ ಧನ ಪೂರ್ಣಾಂಕ ಎಂದರೆ ಸೊನ್ನೆಯ ಜೋಡಿಯೂ ಹೊರಗೆ, ಆಗ 6 ಮಾತ್ರ. ಕ್ರಮ ಲೆಕ್ಕಕ್ಕಿಲ್ಲ ಎಂದರೆ 3. ಒಂದೇ ಸಮೀಕರಣಕ್ಕೆ ಮೂರು ಉತ್ತರ. ಅದಕ್ಕೇ ಪ್ರಶ್ನೆಯಲ್ಲಿನ ‘ಧನ’ ಎಂಬ ಶಬ್ದದ ಕೆಳಗೆ ಮೊದಲೇ ಗೆರೆ ಎಳೆಯಲು ಹೇಳುತ್ತೇನೆ.

ಬಲಭಾಗದಲ್ಲಿ 52 ಇದ್ದಿದ್ದರೆ ಒಂದು ಕೂಡಿಸಿದಾಗ 53 ಬರುತ್ತಿತ್ತು. ಅದು ಅವಿಭಾಜ್ಯ, ಹಾಗಾಗಿ ಧನ ಪೂರ್ಣಾಂಕಗಳಲ್ಲಿ ಪರಿಹಾರವೇ ಇಲ್ಲ.

xy ಮುಂದೆ ಸಹಗುಣಕ ಬಂದಾಗ ಮಕ್ಕಳು ತಡವರಿಸುತ್ತಾರೆ. 3xy + x + y = 13 ತೆಗೆದುಕೊಳ್ಳಿ. ಇಲ್ಲಿ ಸುಮ್ಮನೆ ಒಂದು ಕೂಡಿಸಿದರೆ ಅಪವರ್ತಿಸಲು ಬರುವುದಿಲ್ಲ. 3ರಿಂದ ಭಾಗಿಸಲು ಹೋದರೆ ಭಿನ್ನರಾಶಿ ಬಂದು ಪೂರ್ಣಾಂಕದ ಹಿಡಿತ ತಪ್ಪುತ್ತದೆ. ಭಾಗಿಸುವ ಬದಲು ಮೊದಲು 3ರಿಂದ ಗುಣಿಸಿ, ಆಮೇಲೆ ಒಂದು ಕೂಡಿಸಬೇಕು:

9xy + 3x + 3y + 1 = 40

(3x + 1)(3y + 1) = 40

ಈಗ 40ರ ಎಲ್ಲ ಅಪವರ್ತನಗಳೂ ನಡೆಯುವುದಿಲ್ಲ. 3x + 1 ಅನ್ನು 3ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. 1 × 40ರಿಂದ (0, 13), 4 × 10ರಿಂದ (1, 3) ಸಿಗುತ್ತವೆ. 2 × 20 ಮತ್ತು 5 × 8ರಲ್ಲಿ ಶೇಷ 2, ಹಾಗಾಗಿ ಎಲ್ಲರೂ ಅವಕ್ಕೆ ಕಾಟು ಹಾಕುತ್ತಾರೆ. ಅಲ್ಲೇ ಎರಡು ಜೋಡಿ ಕೈತಪ್ಪುತ್ತವೆ. ಚಿಹ್ನೆ ಬದಲಿಸಿ ನೋಡಿ: 3x + 1 = −2 ಆದರೆ x = −1, 3y + 1 = −20 ಆದರೆ y = −7. ತಾಳೆ: 21 − 1 − 7 = 13. ಹಾಗೆಯೇ −5 ಮತ್ತು −8ರಿಂದ (−2, −3); 18 − 5 = 13. ಅದೇ 1 × 40, 4 × 10 ಜೋಡಿಗಳಿಗೆ ಮೈನಸ್ ಹಚ್ಚಿದರೆ ನಡೆಯುವುದಿಲ್ಲ: 3x + 1 = −4 ಎಂದಿಟ್ಟರೆ x ಪೂರ್ಣಾಂಕವಾಗದು. 40ಕ್ಕೆ ಶೇಷ 1 ಇರುವುದರಿಂದ ಜೋಡಿಯ ಎರಡೂ ಸಂಖ್ಯೆಗಳಿಗೆ ಶೇಷ 1, ಇಲ್ಲವೇ ಎರಡಕ್ಕೂ 2. ಹಾಗಾಗಿ ಪ್ರತಿ ಜೋಡಿಯೂ ಒಂದೇ ಒಂದು ಚಿಹ್ನೆಯಲ್ಲಿ ಫಲ ಕೊಡುತ್ತದೆ. 40ರ ಧನ ಅಪವರ್ತನಗಳು 8, ಕ್ರಮ ಎಣಿಸಿದಾಗ ಪರಿಹಾರಗಳೂ 8.