ಮಾರುಕಟ್ಟೆ ಕುಸಿದಾಗ ಫಂಡ್ ಮಾರುವ ಮುಂಚೆ ನಾನು ನೋಡಿಕೊಳ್ಳುವುದು

2020ರ ಮಾರ್ಚ್ 23ರಂದು ನಿಫ್ಟಿ ಒಂದೇ ದಿನ ಸುಮಾರು ಶೇ. 13 ಕುಸಿದು 7,610ಕ್ಕೆ ಬಂತು. ಅದೇ ವರ್ಷದ ನವೆಂಬರ್‌ನಲ್ಲಿ 12,000 ದಾಟಿತು. ಹಾಗಂತ ಪ್ರತಿ ಕುಸಿತವೂ ಎಂಟು ತಿಂಗಳಲ್ಲಿ ಸರಿಹೋಗುತ್ತದೆ ಎಂದು ನಂಬಿ ಕೂರುವಂತಿಲ್ಲ. ಅದಕ್ಕೇ ಈಕ್ವಿಟಿ ಮ್ಯೂಚುವಲ್ ಫಂಡ್ ಮಾರುವ ಮಾತು ಬಂದರೆ ನಾನು ಮೊದಲು ನೋಡುವುದು ಆ ಹಣ ಯಾವಾಗ ಬೇಕು ಎಂಬುದನ್ನು. ವರ್ಷದೊಳಗೆ ಕಟ್ಟಬೇಕಾದ ಫೀಸು, ಮನೆ ಮುಂಗಡ ಅದರಲ್ಲಿದ್ದರೆ ಅಷ್ಟನ್ನು ನಷ್ಟವಾದರೂ ತೆಗೆಯುತ್ತೇನೆ. ಉಳಿದದ್ದಕ್ಕೆ ಆ ಅವಸರವಿಲ್ಲ.

ಆಮೇಲೆ, ಬಿದ್ದದ್ದು ಮಾರುಕಟ್ಟೆಯೋ ನನ್ನ ಫಂಡೋ? ಸಣ್ಣ ಕಂಪನಿಗಳಲ್ಲಿ ಹಣ ಹಾಕುವ ಸ್ಮಾಲ್ ಕ್ಯಾಪ್ ಫಂಡನ್ನು ದೊಡ್ಡ ಕಂಪನಿಗಳ ನಿಫ್ಟಿ 50ರ ಪಕ್ಕ ಇಟ್ಟರೆ ಲೆಕ್ಕವೇ ತಪ್ಪುತ್ತದೆ. ಫಂಡಿನ ಫ್ಯಾಕ್ಟ್‌ಶೀಟಿನಲ್ಲಿ ಅದರದೇ ಬೆಂಚ್‌ಮಾರ್ಕ್, ಅಂದರೆ ಹೋಲಿಕೆಯ ಸೂಚ್ಯಂಕ, ಇರುತ್ತದೆ, ಅದರ ಜೊತೆ ಮೂರು, ಐದು ವರ್ಷದ ಗಳಿಕೆ ಹೋಲಿಸಬೇಕು. ಅಲ್ಲೂ ಹಿಂದೆ ಬಿದ್ದಿದ್ದರೆ ಮಾರಲು ಕಾರಣವಿದೆ. ಬೆಂಚ್‌ಮಾರ್ಕಿನಷ್ಟೇ ಬಿದ್ದಿದ್ದರೆ ಅದು ಫಂಡಿನ ತಪ್ಪಲ್ಲ.

ಮೂರನೆಯದು ಯೂನಿಟ್‌ಗಳ ವಯಸ್ಸು. ಎಸ್‌ಐಪಿಯ ಪ್ರತಿ ಕಂತಿಗೂ ಅದರದೇ ಒಂದು ವರ್ಷದ ಲೆಕ್ಕ. ತಿಂಗಳಿಗೆ 10,000ದಂತೆ 24 ಕಂತು ಕಟ್ಟಿದ್ದೀರಿ ಎನ್ನಿ. ಮೊದಲ 12 ಕಂತಿನ 1,20,000 ಈಗ 1,14,000 ಆಗಿದೆ, ಕೊನೆಯ 12ರದ್ದು 1,02,000. ಹೆದರಿ ಪೂರ್ತಿ ಮಾರಿದರೆ ಕೊನೆಯ ಭಾಗಕ್ಕೆ, ವರ್ಷದೊಳಗೆ ಮಾರಿದರೆ ಶೇ. 1 ಎಕ್ಸಿಟ್ ಲೋಡ್ ಎಂಬ ಶುಲ್ಕ ಹಿಡಿಯುವ ಫಂಡಾದರೆ, ಸುಮಾರು 1,020 ರೂಪಾಯಿ ಕಡಿತ. ಬೇಕಾದ 1 ಲಕ್ಷ ಮಾತ್ರ ತೆಗೆದರೆ ಹಳೆಯ ಯೂನಿಟ್‌ಗಳೇ ಮೊದಲು ಹೋಗುತ್ತವೆ, ಲೋಡ್ ಬೀಳುವುದಿಲ್ಲ. ನಷ್ಟ ಸುಮಾರು 5,260, ಅದೂ ವರ್ಷ ದಾಟಿದ ಯೂನಿಟ್‌ಗಳದ್ದಾದ್ದರಿಂದ ತೆರಿಗೆ ಲೆಕ್ಕದಲ್ಲಿ ದೀರ್ಘಾವಧಿಯದ್ದು. ಗಡುವಿನೊಳಗೆ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ಅದನ್ನು ಎಂಟು ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು, ಆದರೆ ದೀರ್ಘಾವಧಿ ಲಾಭದ ಎದುರು ಮಾತ್ರ ವಜಾ ಆಗುತ್ತದೆ. ಯಾವ ಕಂತು ಯಾವ ತಾರೀಖಿನದ್ದು ಎಂಬುದು ಫಂಡಿನ ಸ್ಟೇಟ್‌ಮೆಂಟಿನಲ್ಲಿರುತ್ತದೆ. ತೆರಿಗೆ ಉಳಿಸುವ ಇಎಲ್‌ಎಸ್‌ಎಸ್ ಫಂಡ್ ಆದರೆ ಮೂರು ವರ್ಷ ತುಂಬದ ಕಂತನ್ನು ಮಾರಲು ಬರುವುದೇ ಇಲ್ಲ.

ಮಾರುವ ದಿನ ಬಹಳ ಜನ ಎಡವುವ ಜಾಗ ಇನ್ನೊಂದಿದೆ. ಆ್ಯಪಿನಲ್ಲಿ ಹಗಲು ಕಾಣುವ ಮೊತ್ತ ಹಿಂದಿನ ದಿನದ ಎನ್‌ಎವಿಯದ್ದು, ಅಂದರೆ ಒಂದು ಯೂನಿಟ್‌ನ ಬೆಲೆಯದ್ದು. ಮಧ್ಯಾಹ್ನ 3ರೊಳಗೆ ಕೊಟ್ಟ ಆರ್ಡರ್‌ಗೆ ಸಿಗುವುದು ಆ ದಿನ ಮಾರುಕಟ್ಟೆ ಮುಚ್ಚಿದ ಮೇಲೆ ತೆಗೆದ ಎನ್‌ಎವಿ, 3 ದಾಟಿದರೆ ಮುಂದಿನ ವಹಿವಾಟಿನ ದಿನದ್ದು. ಆ ದಿನ ಸೂಚ್ಯಂಕ ಶೇ. 5 ಇಳಿದಿದ್ದರೆ ತೆರೆಯ ಮೇಲಿನ 1,14,000 ನಿಮ್ಮ ಕೈಗೆ ಸುಮಾರು 1,08,000 ಆಗಿ ಬರಬಹುದು. ಆದ್ದರಿಂದ ನಾನು ಕಟ್ಟಬೇಕಾದ ಮೊತ್ತವನ್ನೇ ರೂಪಾಯಿಯಲ್ಲಿ ನಮೂದಿಸುತ್ತೇನೆ, ಯೂನಿಟ್‌ನಲ್ಲಲ್ಲ.

ಯೂನಿಟ್ ಮಾರಿದ ಮಾತ್ರಕ್ಕೆ ಎಸ್‌ಐಪಿ ನಿಲ್ಲುವುದಿಲ್ಲ. ಮುಂದಿನ ಕಂತಿನ ತಾರೀಖಿಗೆ ಖಾತೆಯಿಂದ ಹಣ ಮತ್ತೆ ಹೋಗುತ್ತದೆ. ನಿಲ್ಲಿಸುವುದೇ ಆದರೆ ಆ ತಾರೀಖಿಗೆ ಕೆಲವು ದಿನ ಮುಂಚೆ ಬೇರೆಯಾಗಿಯೇ ರದ್ದು ಕೋರಿಕೆ ಕೊಡಬೇಕು.