ಮೂರನೆಯ ಸ್ಲೈಡ್‌ನ ಭಾರ ಇಳಿಸಿದ ಬಗೆ

ಹಾವು ಕಡಿತದ ಪ್ರಥಮ ಚಿಕಿತ್ಸೆಯ ಬಗ್ಗೆ ಇನ್‌ಸ್ಟಾಗ್ರಾಮ್‌ಗೆಂದು ಸಿದ್ಧಪಡಿಸಿದ ಕ್ಯಾರೊಸೆಲ್ ಕರಡೊಂದು ಮಳೆಗಾಲದ ಆರಂಭದಲ್ಲಿ ನನ್ನ ಕೈಗೆ ಬಂತು. ಒಂದೊಂದಾಗಿ ಸರಿಸಿ ನೋಡುವ ಚಿತ್ರಗಳ ಸರಣಿ ಅದು, ಒಟ್ಟು ಆರು ಸ್ಲೈಡ್. ಕರ್ನಾಟಕದಲ್ಲಿ 2024ರಿಂದ ಪ್ರತಿ ಹಾವು ಕಡಿತ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು. ಆಸ್ಪತ್ರೆ ತಲುಪುವವರೆಗಿನ ಹೊತ್ತು ಮಾತ್ರ ಈಗಲೂ ಮನೆಯವರ, ಅಕ್ಕಪಕ್ಕದ ಹೊಲದವರ ಕೈಯಲ್ಲಿದೆ. ಈ ಕ್ಯಾರೊಸೆಲ್ ಅವರಿಗಾಗಿ.

ಕರಡನ್ನು ನಾನು ಮೊದಲು ನೋಡುವುದು ಮೊಬೈಲ್‌ನಲ್ಲಿ. ಲ್ಯಾಪ್‌ಟಾಪ್ ಪರದೆಯಲ್ಲಿ ಎಲ್ಲ ಸ್ಲೈಡ್‌ಗಳೂ ಚೆನ್ನಾಗಿಯೇ ಕಾಣುತ್ತವೆ. ಮೊದಲೆರಡು ಸ್ಲೈಡ್ ಸರಾಗವಾಗಿ ಓದಿಸಿಕೊಂಡವು. ಮೂರನೆಯದಕ್ಕೆ ಬಂದಾಗ ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡೆ. ಸ್ಲೈಡ್‌ನ ಅಳತೆ 1080 ಅಗಲ, 1350 ಎತ್ತರ. ಅಕ್ಷರದ ಗಾತ್ರ 26 ಪಿಕ್ಸೆಲ್. ಏಳು ಸೆಂಟಿಮೀಟರ್ ಅಗಲದ ಫೋನಿನಲ್ಲಿ ಅದು ಎರಡು ಮಿಲಿಮೀಟರೂ ಆಗುವುದಿಲ್ಲ. ಜಾಗ ಸಾಲದೆ ಸಾಲುಗಳ ನಡುವಿನ ಅಂತರವನ್ನೂ ಬಿಗಿ ಮಾಡಿದ್ದರು. ‘ಆಸ್ಪತ್ರೆ’ಯ ಒತ್ತಕ್ಷರಗಳು ಕೆಳಗಿನ ಸಾಲಿನ ‘ಕಿ’, ‘ಗಿ’ಗಳ ಗುಡಿಸಿಗೆ ತಾಗುತ್ತಿದ್ದವು. ಕನ್ನಡದ ಸ್ಲೈಡ್‌ನಲ್ಲಿ ಒತ್ತು ಗುಡಿಸಿಗೆ ಮುಟ್ಟಿತೆಂದರೆ ಮಾತು ಹೆಚ್ಚಾಗಿದೆ ಎಂದೇ ಅರ್ಥ. ಅಕ್ಷರ ಚಿಕ್ಕದು ಮಾಡಿ ಅದನ್ನು ಸರಿಪಡಿಸಲು ಹೊರಟರೆ ಓದುಗ ಕೈಬಿಟ್ಟು ಹೋಗುತ್ತಾನೆ.

ಶೀರ್ಷಿಕೆ ‘ಹಾವು ಕಚ್ಚಿದರೆ ಏನು ಮಾಡಬೇಕು?’ ಎಂದಿತ್ತು. ಅದರ ಕೆಳಗೆ ಹತ್ತು ಅಂಶಗಳು: ಗಾಬರಿಯಾಗಬೇಡಿ, ಓಡಬೇಡಿ, ಉಂಗುರ ಬಳೆ ತೆಗೆಯಿರಿ, ಕೈಕಾಲು ಅಲುಗದಂತೆ ಹಲಗೆ ಕಟ್ಟಿ, ಗಾಯದ ಮೇಲ್ಭಾಗದಲ್ಲಿ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಾವನ್ನು ಹಿಡಿಯಲು ಹೋಗಬೇಡಿ, 108ಕ್ಕೆ ಕರೆ ಮಾಡಿ, ಪ್ರತಿವಿಷ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಅಡಿಯಲ್ಲಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳ ಕಡಿತದ ಲಕ್ಷಣ ಹೇಳುವ ಒಂದು ಪ್ಯಾರಾ.

ಕರಡು ಬರೆದ ಯುವತಿಗೆ ಮಾತು ಹೆಚ್ಚಾಗಿದೆಯೆಂದು ಗೊತ್ತಿರಲಿಲ್ಲವೆಂದಲ್ಲ. “ಸರ್, ಯಾವುದನ್ನು ಬಿಡಲಿ? ಎಲ್ಲವೂ ಮುಖ್ಯವೇ” ಎಂದರು. ಅದು ನಿಜ. ‘ಪಠ್ಯ ಹೆಚ್ಚಾಯಿತು, ಕಡಿಮೆ ಮಾಡಿ’ ಎಂದು ಬರೆದು ಕಳಿಸಿದ್ದರೆ ಅವರಿಗೆ ಯಾವ ದಾರಿಯೂ ಕಾಣುತ್ತಿರಲಿಲ್ಲ. ಅವರು ಒಮ್ಮೆ ಒಡೆದೂ ನೋಡಿದ್ದರು. ಮೊದಲ ಆರು ಅಂಶ ಒಂದು ಸ್ಲೈಡ್‌ಗೆ, ಉಳಿದ ನಾಲ್ಕು ಮುಂದಿನದಕ್ಕೆ, ಮೇಲೆ ‘ಮುಂದುವರಿದಿದೆ’ ಎಂಬ ಸಾಲು. ಹೀಗೆ ಅರ್ಧಕ್ಕೆ ಕತ್ತರಿಸಿದ ಸ್ಲೈಡ್ ಯಾರಿಗೂ ಪ್ರಯೋಜನಕ್ಕೆ ಬಾರದು. ಜನ ಒಂದೊಂದು ಸ್ಲೈಡನ್ನು ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ‘ಮುಂದುವರಿದಿದೆ’ ಎಂಬ ಹಾಳೆ ಒಂಟಿಯಾಗಿ ಊರೂರು ಸುತ್ತುತ್ತದೆ.

ಆದ್ದರಿಂದ ಪ್ರತಿ ಸಾಲಿನ ಪಕ್ಕದಲ್ಲೂ ಒಂದೇ ಪ್ರಶ್ನೆ ಬರೆದೆ: ಇದು ಯಾರಿಗೆ, ಯಾವಾಗ? ಉತ್ತರ ಬರೆಯುತ್ತಾ ಹೋದಂತೆ ಸಾಲುಗಳು ತಾವಾಗಿಯೇ ಗುಂಪು ಕಟ್ಟಿಕೊಂಡವು. ಕೆಲವು ಮೊದಲ ಒಂದೆರಡು ನಿಮಿಷಕ್ಕೆ ಸಂಬಂಧಿಸಿದವು. ಕೆಲವು ವಾಹನ ಬರುವವರೆಗೆ ಕಾಯುವ ಹೊತ್ತಿಗೆ. ಇನ್ನು ಕೆಲವು, ‘ಬೇರಿನ ಔಷಧ ಹಚ್ಚೋಣ, ಕೊಯ್ದು ವಿಷ ತೆಗೆಯೋಣ’ ಎಂದು ಸುತ್ತ ಸೇರುವವರಿಗೆ. ಕೊನೆಯವು ಆಸ್ಪತ್ರೆಯ ದಾರಿಗೆ. ಎಲ್ಲಿ ಒಡೆಯಬೇಕೆಂಬುದು ಇದರಿಂದಲೇ ತಿಳಿಯಿತು. ಪದಗಳ ಎಣಿಕೆ ನೋಡಿ ಒಡೆದಿದ್ದರೆ ಇದು ಕಾಣುತ್ತಿರಲಿಲ್ಲ.

ಲಕ್ಷಣಗಳ ಪ್ಯಾರಾ ಮಾತ್ರ ಯಾವ ಗುಂಪಿಗೂ ಸೇರಲಿಲ್ಲ. ಅದು ವೈದ್ಯರಿಗೆ ಬೇಕಾದ ಮಾಹಿತಿ. ನಮ್ಮಲ್ಲಿ ಸಿಗುವ ಪ್ರತಿವಿಷ ಆ ನಾಲ್ಕೂ ಹಾವುಗಳ ವಿಷಕ್ಕೆ ಒಂದೇ ಆಗಿರುವುದರಿಂದ ಹಾವು ಯಾವುದೆಂದು ಮನೆಯವರು ಪತ್ತೆ ಮಾಡಿ ಕೂರಬೇಕಾಗಿಲ್ಲ. ನಾಲ್ಕು ಹಾವುಗಳ ಹೆಸರು ಪಟ್ಟಿ ಮಾಡಿದರೆ ‘ಹಾವನ್ನು ಹುಡುಕಬೇಡಿ’ ಎಂಬ ನಮ್ಮದೇ ಮಾತಿಗೆ ನಾವೇ ಅಡ್ಡ ಬಂದಂತೆ. ಪ್ಯಾರಾ ತೆಗೆದೆವು. ಆದರೆ ಒಂದು ಸಂಗತಿಯನ್ನು ಉಳಿಸಿಕೊಂಡೆವು. ಕಟ್ಟುಹಾವು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು, ಊತ ಇಲ್ಲದೆಯೂ ಇರಬಹುದು. ಅದು ಆಸ್ಪತ್ರೆಯ ಸ್ಲೈಡ್‌ಗೆ ‘ನೋವಿಲ್ಲ, ಊತವಿಲ್ಲ ಎಂದು ಕಾಯಬೇಡಿ’ ಎಂಬ ಒಂದೇ ಸಾಲಾಗಿ ಹೋಯಿತು.

ಹೀಗೆ ಮೂರನೆಯ ಸ್ಲೈಡ್ ನಾಲ್ಕಾಯಿತು. ಒಟ್ಟು ಒಂಬತ್ತು. ಇನ್‌ಸ್ಟಾಗ್ರಾಮ್‌ನಲ್ಲಿ ಈಗ ಇಪ್ಪತ್ತರವರೆಗೆ ಅವಕಾಶವಿದೆ, ಆದರೂ ಒಂಬತ್ತು ನನಗೆ ಹೆಚ್ಚೆನಿಸಿತು. ಸ್ಲೈಡ್ ಹೆಚ್ಚಿದಷ್ಟೂ ಕೊನೆಯವರೆಗೆ ಬರುವವರು ಕಡಿಮೆ. ನಮ್ಮ ಸಂಸ್ಥೆಯ ಪರಿಚಯಕ್ಕಿದ್ದ ಎರಡನೆಯ ಸ್ಲೈಡನ್ನು ತೆಗೆದು, ಆ ವಿವರವನ್ನು ಪೋಸ್ಟ್‌ನ ಕೆಳಗಿನ ಬರಹಕ್ಕೆ ಸೇರಿಸಿದೆವು. 108ರ ಸಾಲನ್ನು ಒಡೆದ ನಾಲ್ಕರಲ್ಲಿ ಮೊದಲನೆಯದಕ್ಕೇ ತಂದೆವು. ಮುಂದೆ ಸರಿಸದವನಿಗೂ ಅಷ್ಟಾದರೂ ತಲುಪಬೇಕು. ಅಕ್ಷರದ ಗಾತ್ರ 44ಕ್ಕೆ ಏರಿತು, ಸಾಲುಗಳ ನಡುವೆ ಉಸಿರಾಡಲು ಜಾಗ ಸಿಕ್ಕಿತು.

‘ಬೇಡಿ’ಗಳ ಸ್ಲೈಡ್‌ಗೆ ಹೆಚ್ಚು ಹೊತ್ತು ಹಿಡಿಯಿತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಿಷೇಧ ಅದಕ್ಕೂ ಕೊನೆಗೆ. ‘ಗಾಯದ ಮೇಲ್ಭಾಗದಲ್ಲಿ ಹಗ್ಗ ಅಥವಾ ಬಟ್ಟೆಯಿಂದ ಬಿಗಿಯಾಗಿ’ ಎಂದು ಎರಡು ಸಾಲು ಓದಿದ ಮೇಲೆ ಮೂರನೆಯ ಸಾಲಿನಲ್ಲಿ ‘ಕಟ್ಟಬೇಡಿ’ ಎಂದು ಬರುತ್ತದೆ. ಅವಸರದ ಕಣ್ಣು ಅಲ್ಲಿಯವರೆಗೆ ಹೋಗದಿರಬಹುದು. ಮೇಲೆ ‘ಮಾಡಬಾರದ್ದು’ ಎಂಬ ಶೀರ್ಷಿಕೆ ಹಾಕಿ, ಕೆಳಗೆ ‘ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು’ ಎಂದು ಪಟ್ಟಿ ಮಾಡುವುದು ಇನ್ನೂ ಅಪಾಯ. ಶೀರ್ಷಿಕೆ ಕತ್ತರಿಸಿಹೋದ ಚಿತ್ರದಲ್ಲಿ ಅದು ಸಲಹೆಯಾಗಿಬಿಡುತ್ತದೆ. ಆದ್ದರಿಂದ ಪ್ರತಿಯೊಂದು ನಿಷೇಧವೂ ಒಂದೇ ಸಾಲಿನಲ್ಲಿ ಮುಗಿಯಬೇಕೆಂದು ಪಟ್ಟು ಹಿಡಿದೆ: ಬಿಗಿಯಾಗಿ ಕಟ್ಟಬೇಡಿ. ಕೊಯ್ಯಬೇಡಿ. ಹೀರಬೇಡಿ. ಬೇರು, ಸೊಪ್ಪು ಹಚ್ಚಬೇಡಿ. ಹಾವನ್ನು ಹುಡುಕಬೇಡಿ. ಐದು ಸಾಲು, ಪ್ರತಿ ಸಾಲಿನ ಮುಂದೆ ಕೆಂಪು ಅಡ್ಡಗೆರೆಯ ಗುರುತು.

ವೈದ್ಯರೊಬ್ಬರು ನೋಡಿ ಒಪ್ಪಿದ ಮೇಲೆ, ಒಡೆದ ನಾಲ್ಕು ಸ್ಲೈಡ್‌ಗಳನ್ನು ನಮ್ಮ ಕಚೇರಿಗೆ ಹಾಲು ತರುವ ರೈತರೊಬ್ಬರಿಗೆ ಒಂದೊಂದಾಗಿ ತೋರಿಸಿದೆ. ಎರಡನೆಯದನ್ನು ಓದಿ, ಮೂರನೆಯದನ್ನು ಓದಿ, ಮತ್ತೆ ಎರಡನೆಯದಕ್ಕೆ ಹೋದರು. “ಇಲ್ಲಿ ಕಟ್ಟಿ ಅನ್ನುತ್ತೀರಿ, ಅಲ್ಲಿ ಕಟ್ಟಬೇಡಿ ಅನ್ನುತ್ತೀರಿ. ಯಾವುದು ಸರಿ ಸ್ವಾಮಿ?”

ಒಡೆದದ್ದರಿಂದಲೇ ಹುಟ್ಟಿದ ತಪ್ಪು ಅದು. ಹಳೆಯ ಸ್ಲೈಡ್‌ನಲ್ಲಿ ಹಲಗೆ ಕಟ್ಟುವ ಮಾತೂ ಬಿಗಿಯಾಗಿ ಕಟ್ಟಬೇಡಿ ಎಂಬ ಮಾತೂ ಒಂದರ ಕೆಳಗೊಂದು ಇದ್ದುದರಿಂದ ವ್ಯತ್ಯಾಸ ಹೇಗೋ ತಿಳಿಯುತ್ತಿತ್ತು. ಬೇರೆ ಬೇರೆ ಹಾಳೆಗೆ ಹೋದಾಗ ಒಂದೇ ಕ್ರಿಯಾಪದ ಎರಡು ದಿಕ್ಕಿಗೆ ಎಳೆಯಿತು. ಹಲಗೆಯ ಸ್ಲೈಡ್‌ನಿಂದ ‘ಕಟ್ಟಿ’ಯನ್ನು ತೆಗೆದೆವು. ಈಗ ಅದು ಹೀಗಿದೆ: ‘ಕಚ್ಚಿದ ಕಾಲಿಗೆ ಉದ್ದ ಹಲಗೆಯ ಆಸರೆ ಕೊಡಿ. ಬಟ್ಟೆಯನ್ನು ಸಡಿಲವಾಗಿ ಸುತ್ತಿ, ಒಳಗೆ ಬೆರಳು ಸುಲಭವಾಗಿ ತೂರಬೇಕು. ನಡೆಸಬೇಡಿ, ಎತ್ತಿಕೊಂಡು ಹೋಗಿ.’ ಪಕ್ಕದಲ್ಲಿ ಬಟ್ಟೆಯ ಅಡಿಗೆ ಬೆರಳು ತೂರಿಸಿರುವ ಚಿತ್ರ. ಮರುದಿನ ಹಾಲಿನೊಂದಿಗೆ ಬಂದಾಗ ಮತ್ತೆ ತೋರಿಸಿದೆ. ಅವರು ತಮ್ಮ ಮುಂಗೈಗೆ ಟವೆಲ್ ಸುತ್ತಿ, ಅದರೊಳಗೆ ಬೆರಳು ತೂರಿಸಿ ನೋಡಿದರು.